ಹಲ್ಲಿನ ಕ್ಲಿಪ್ಪು, ಬಸ್ಸಿನ ಖರ್ಚು

ನನ್ನ ಕೆಳಗಿನ ಮುಂಹಲ್ಲುಗಳು ಒಂದರ ಮೇಲೊಂದು ಏರಿ ಕೂತಿದ್ದವು. 38ನೇ ವಯಸ್ಸಿನಲ್ಲಿ ಸರಿಪಡಿಸಿಕೊಳ್ಳಲು ಹೊರಟಾಗ ಬಾಗಲಕೋಟೆಯ ಖಾಸಗಿ ದವಾಖಾನೆಯೊಂದರಲ್ಲಿ ಹೇಳಿದ ದರ: ಲೋಹದ ಕ್ಲಿಪ್ಪಿಗೆ 35,000 ರೂಪಾಯಿ, ಹಲ್ಲಿನ ಬಣ್ಣದ ಸೆರಾಮಿಕ್‌ಗೆ 48,000, ತೆಗೆದು ಹಾಕಬಹುದಾದ ಪಾರದರ್ಶಕ ಅಲೈನರ್‌ಗೆ 1,10,000. ಅದೇ ಊರಿನ ಪಿ.ಎಂ. ನಾಡಗೌಡ ದಂತ ಕಾಲೇಜಿನಲ್ಲಿಯೂ ವಿಚಾರಿಸಬಹುದಿತ್ತು. ಕಾಲೇಜು ಆಸ್ಪತ್ರೆಗಳಲ್ಲಿ ದರ ಸಾಮಾನ್ಯವಾಗಿ ಕಡಿಮೆ. ಆದರೆ ನನಗೆ ಸಂಜೆಯ ಸಮಯವೇ ಬೇಕಿತ್ತು.

ಅಲೈನರ್ ಹಾಕಿಸಿದರೆ ಓಡಾಟ ಕಡಿಮೆ ಎಂದರು. ಅದು ನಿಜ. ನಾನಿರುವ ಇಳಕಲ್ಲಿನಿಂದ ಹುನಗುಂದ ದಾಟಿ ಬಾಗಲಕೋಟೆಗೆ ಹೋಗಿಬರುವ ಒಂದು ಸಲಕ್ಕೆ ಬಸ್ಸು, ಊಟ, ಅರ್ಧ ದಿನದ ದುಡಿಮೆ ಸೇರಿ ನನಗೆ 600 ರೂಪಾಯಿ. ಕ್ಲಿಪ್ಪಿಗೆ ತಿಂಗಳಿಗೊಂದರಂತೆ 20 ಸಲ ಹೋಗಬೇಕು, ಅಲೈನರ್‌ಗಾದರೆ 9 ಸಲ. ಉಳಿಯುವುದು 6,600. ಲೋಹಕ್ಕಿಂತ ಹೆಚ್ಚು ಕೊಡಬೇಕಾದದ್ದು 75,000.

ಹಣಕ್ಕಿಂತ ನನ್ನನ್ನು ತಡೆದದ್ದು ಚಹಾ. ಅಲೈನರ್ ದಿನಕ್ಕೆ 22 ತಾಸು ಬಾಯಲ್ಲಿರಬೇಕು, ನೀರು ಬಿಟ್ಟು ಬೇರೇನು ಕುಡಿದರೂ ತೆಗೆಯಬೇಕು. ಸೀರೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಆರು ಸಲ ಚಹಾ, ಪ್ರತಿ ಸಲ ತೆಗೆದು ತೊಳೆದು ಹಾಕಲು 20 ನಿಮಿಷವೆಂದರೆ ಎರಡು ತಾಸು ಹೋಯಿತು. ಊಟ, ನಾಷ್ಟಾಕ್ಕೆ ಇನ್ನೆರಡು. ಹೀಗಾದರೆ ಹಲ್ಲು ಹಿಂದೆ ಬೀಳುತ್ತದೆ. ಹೊಸ ಅಲೈನರ್ ಹಾಕಿದಾಗ ಹಲ್ಲಿನ ತುದಿಗೂ ಅದಕ್ಕೂ ನಡುವೆ ಖಾಲಿ ಜಾಗ ಕಂಡರೆ ಅದೇ ಗುರುತು. ಆಗ ಮತ್ತೆ ಅಳತೆ, ಮತ್ತೆ ಹೊಸ ಅಲೈನರ್. ಅದರ ಖರ್ಚು ಮೊದಲ ದರದಲ್ಲೇ ಸೇರಿದೆಯೇ ಎಂದು ಬರೆಸಿಕೊಳ್ಳಬೇಕು. ಬಾದಾಮಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಚಹಾ ಮುಟ್ಟುವುದಿಲ್ಲ. ಅವಳ ಹಲ್ಲು ಅಲೈನರ್‌ನಿಂದಲೇ ಚೆನ್ನಾಗಿ ಸರಿಹೋದವು.

ಹಾಗಾದರೆ ಸೆರಾಮಿಕ್ ಹಾಕಿ ಎಂದೆ. ಡಾಕ್ಟರು ಕಚ್ಚಿಸಿ ನೋಡಿ, "ನಿಮ್ಮ ಮ್ಯಾಲಿನ ಹಲ್ಲು ಕೆಳಗಿನವನ್ನ ಪೂರಾ ಮುಚ್ಚತಾವ್ರಿ. ಕೆಳಗ ಸೆರಾಮಿಕ್ ಹಾಕಿದ್ರ ಮ್ಯಾಲಿನ ಹಲ್ಲು ಅದಕ್ಕ ತಿಕ್ಕಿ ಸವೀತಾವ" ಎಂದರು. ಸೆರಾಮಿಕ್ ಹಲ್ಲಿನ ಕವಚಕ್ಕಿಂತ ಗಟ್ಟಿ. ಹೀಗಾಗಿ ಕಾಣುವ ಮೇಲ್ಸಾಲಿಗೆ ಸೆರಾಮಿಕ್, ಕೆಳಗೆ ಲೋಹ ಎಂದು 42,000ಕ್ಕೆ ಒಪ್ಪಿದೆವು. ಕೆಳಗೆ ಕೊರತೆಯಿದ್ದದ್ದು 4 ಮಿ.ಮೀ. ಜಾಗ. ಹಲ್ಲು ಕೀಳಲಿಲ್ಲ, ಮುಂಹಲ್ಲುಗಳ ಸಂದುಗಳನ್ನು ಕೂದಲೆಳೆಯಷ್ಟು ತೇಯ್ದು ಅರ್ಧ ಜಾಗ ಮಾಡಿ, ಉಳಿದರ್ಧಕ್ಕೆ ಹಲ್ಲುಗಳನ್ನು ತುಸು ಮುಂದೆ ಸರಿಸಿದರು. ಅದಕ್ಕೂ ಮೊದಲು ಎಕ್ಸ್‌ರೇ ತೆಗೆದು ಎಲುಬು ನೋಡಿದರು, ಒಸಡು ಶುಚಿಮಾಡಿದರು.

ಅರಿಶಿನದ ಸಾರಿಗೆ ಸೆರಾಮಿಕ್ ಹಳದಿಯಾಗಲಿಲ್ಲ, ತಂತಿ ಹಿಡಿಯುವ ರಬ್ಬರ್ ಉಂಗುರಗಳು ಎರಡೇ ದಿನದಲ್ಲಿ ಹಳದಿಯಾದವು. ಕಟಕ ರೊಟ್ಟಿ ಕಚ್ಚಿ ಒಂದು ಸೆರಾಮಿಕ್ ತುಂಡೊಡೆದೆ: 800 ರೂಪಾಯಿ, ಜೊತೆಗೆ 21ನೇ ಪ್ರಯಾಣ. ಕ್ಲಿಪ್ ತೆಗೆದ ದಿನ ಕೆಳಗಿನ ಹಲ್ಲುಗಳ ಹಿಂದೆ ಅಂಟಿಸಿದ ತಂತಿ ಮತ್ತು ಮೇಲೆ ರಾತ್ರಿ ಹಾಕುವ ರಿಟೇನರ್‌ಗೆ 5,000 ಕೇಳಿದರು. ಅದು ಮೊದಲ ದರದಲ್ಲಿ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಒಟ್ಟು 60,400 ಆಯಿತು. ರಿಟೇನರ್ ಈಗಲೂ ಪ್ರತಿ ರಾತ್ರಿ ಹಾಕುತ್ತೇನೆ. ಅದು ಸೀಳಿದ ದಿನ ಹೊಸದು ಮಾಡಿಸಲು 2,500 ರೂಪಾಯಿ ಎತ್ತಿಟ್ಟಿದ್ದೇನೆ.