‘ಮೈಸೂರು ಪಾಕ್’ ಹುಡುಕಿದರೆ ಕ್ರಿಕೆಟ್ ಸುದ್ದಿ ಬರಬಾರದು: ಆರು ಸೂತ್ರಗಳು

ಕನ್ನಡ ಸುದ್ದಿಗಳ ಒಂದು ಸಂಗ್ರಹವಿದೆ, ಅದಕ್ಕೊಂದು ಹುಡುಕು ಪೆಟ್ಟಿಗೆ ಕೂರಿಸಬೇಕು ಎಂದುಕೊಳ್ಳಿ. ಕೈಗೆ ಸುಲಭವಾಗಿ ಸಿಗುವುದು SQLite ಜೊತೆಗೇ ಬರುವ FTS5. ಉಳಿದ ಹುಡುಕು ಎಂಜಿನ್‌ಗಳ ಒಳಗುಟ್ಟೂ ಹೆಚ್ಚುಕಡಿಮೆ ಇದೇ.

1. ಯಾವ ಪದ ಯಾವ ಲೇಖನದಲ್ಲಿದೆ ಎಂಬುದಷ್ಟೇ ಸಾಲದು, ಎಷ್ಟನೆಯ ಪದ ಎಂಬುದನ್ನೂ ಬರೆದಿಡಿ.

ಸಾದಾ ಸೂಚಿ ಪುಸ್ತಕದ ಕೊನೆಯ ಪದಸೂಚಿಯಂತೆ. ‘ಮೈಸೂರು’ 3 ಮತ್ತು 7ನೇ ಲೇಖನಗಳಲ್ಲಿದೆ, ‘ಪಾಕ್’ ಕೂಡ 3 ಮತ್ತು 7ರಲ್ಲಿದೆ. ಎರಡೂ ಇರುವ ಲೇಖನ ಕೊಡು ಎಂದರೆ ಅದು ಎರಡನ್ನೂ ತಂದು ಮುಂದಿಡುತ್ತದೆ. 7ನೆಯದು ಸಿಹಿತಿಂಡಿಯ ಬರಹ. 3ನೆಯದು ‘ಪಾಕ್ ವಿರುದ್ಧದ ಪಂದ್ಯ ನೋಡಲು ಮೈಸೂರು ಜನ ಸೇರಿದರು’ ಎಂಬ ಸುದ್ದಿ. ನಮ್ಮ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ‘ಪಾಕ್’ ಎಂದರೆ ತಿಂಡಿಗಿಂತ ಪಾಕಿಸ್ತಾನವೇ ಹೆಚ್ಚು, ಹಾಗಾಗಿ ಈ ಗೊಂದಲ ದಿನನಿತ್ಯದ್ದು.

ಸ್ಥಾನಸಹಿತ ಸೂಚಿಯಲ್ಲಿ ಪ್ರತಿ ಲೇಖನದ ಪಕ್ಕದಲ್ಲಿ ಆ ಪದ ಬಂದ ಜಾಗಗಳ ಪಟ್ಟಿಯೂ ಇರುತ್ತದೆ:

```
ಮೈಸೂರು → 3: [5]   7: [4, 18, 52]
ಪಾಕ್    → 3: [1]   7: [9, 19, 60]
```

2. ಮೂಲ ಲೇಖನ ತೆರೆಯಬೇಡಿ. ಲೆಕ್ಕ ಪಟ್ಟಿಯಲ್ಲೇ ಮುಗಿಯಬೇಕು.

‘ಮೈಸೂರು ಪಾಕ್’ ಎಂಬ ಜೋಡಿ ಬೇಕಾದರೆ ‘ಪಾಕ್’ನ ಸ್ಥಾನ ‘ಮೈಸೂರು’ಗಿಂತ ಸರಿಯಾಗಿ ಒಂದು ಹೆಚ್ಚಿರಬೇಕು. 3ನೇ ಲೇಖನದಲ್ಲಿ 5ರ ಮುಂದೆ 6 ಬೇಕು, ಇರುವುದು 1. ಅದನ್ನು ಕೈಬಿಡಿ. 7ನೇ ಲೇಖನದಲ್ಲಿ ಎರಡೂ ಪಟ್ಟಿಗಳ ಮೊದಲ ಸಂಖ್ಯೆಯ ಮೇಲೆ ಒಂದೊಂದು ಬೆರಳಿಡಿ. 4ಕ್ಕೆ 5 ಬೇಕು, ಎದುರಿಗಿರುವುದು 9, ಅಂದರೆ ಈಗಾಗಲೇ ದಾಟಿಹೋಗಿದೆ. ಮೇಲಿನ ಬೆರಳು 18ಕ್ಕೆ ಸರಿಯಲಿ. ಈಗ 19 ಬೇಕು, 9 ಚಿಕ್ಕದು, ಕೆಳಗಿನ ಬೆರಳು ಮುಂದಕ್ಕೆ. 19 ಸಿಕ್ಕಿತು. ಪಟ್ಟಿಗಳು ಏರಿಕೆಯ ಕ್ರಮದಲ್ಲಿ ಇರುವುದರಿಂದ ಯಾವ ಬೆರಳೂ ಹಿಂದಕ್ಕೆ ಬರಬೇಕಿಲ್ಲ, ಒಂದೇ ಓಟದಲ್ಲಿ ಕೆಲಸ ಮುಗಿಯುತ್ತದೆ.

ಮೂರು ನಾಲ್ಕು ಪದಗಳ ನುಡಿಗಟ್ಟಿಗೂ ಇದೇ ಕ್ರಮ. ಎರಡನೇ ಪದದ ಸ್ಥಾನದಿಂದ 1, ಮೂರನೆಯದರಿಂದ 2 ಕಳೆಯಿರಿ. ಎಲ್ಲ ಪದಗಳಿಗೂ ಒಂದೇ ಸಂಖ್ಯೆ ಬಂದರೆ ನುಡಿಗಟ್ಟು ಅಲ್ಲಿಂದಲೇ ಶುರುವಾಗಿದೆ ಎಂದರ್ಥ. ಲೇಖನಗಳನ್ನು ಸೋಸುವಾಗ ಅಪರೂಪದ ಪದದಿಂದ ಶುರುಮಾಡಿದರೆ ಉದ್ದನೆಯ ಪಟ್ಟಿಗಳ ಬಹುಪಾಲನ್ನು ಮುಟ್ಟಬೇಕಾಗಿಯೇ ಬರುವುದಿಲ್ಲ.

3. ‘ಹತ್ತಿರ’ ಎಂದರೆ ಎಷ್ಟು ಹತ್ತಿರ ಎಂದು ನೀವೇ ಹೇಳಿ.

‘ಕಾವೇರಿ ನ್ಯಾಯಮಂಡಳಿ’ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ, ಆದರೆ ಸುದ್ದಿಯಲ್ಲಿ ‘ಕಾವೇರಿ ಜಲ ವಿವಾದ ನ್ಯಾಯಮಂಡಳಿ’ ಎಂದಿರುತ್ತದೆ. ಅಕ್ಕಪಕ್ಕದ ಜೋಡಿಯನ್ನೇ ಕೇಳಿದರೆ ಅದು ಸಿಗದು. ಹೀಗೆ ಕೇಳಿ:

```
NEAR("ಕಾವೇರಿ" "ನ್ಯಾಯಮಂಡಳಿ", 3)
```

ಎರಡರ ನಡುವೆ ಹೆಚ್ಚೆಂದರೆ ಮೂರು ಪದ ಇರಬಹುದು ಎಂಬುದು ಇದರ ಅರ್ಥ. ಸಂಖ್ಯೆ ಕೊಡದಿದ್ದರೆ FTS5 ತಾನಾಗಿ 10 ಎಂದುಕೊಳ್ಳುತ್ತದೆ, ನನ್ನ ಮಟ್ಟಿಗೆ ಅದು ಅತಿ ಧಾರಾಳ. ಇದಕ್ಕೆ ಹಿಂದುಮುಂದಿನ ಪರಿವೆಯೂ ಇಲ್ಲ. ಮೇಲಿನ ಕ್ರಿಕೆಟ್ ಸುದ್ದಿಯಲ್ಲಿ ‘ಪಾಕ್’ 1ರಲ್ಲಿ, ‘ಮೈಸೂರು’ 5ರಲ್ಲಿ. ನಡುವೆ ಮೂರೇ ಪದ. ‘ಮೈಸೂರು’, ‘ಪಾಕ್’ ಎರಡನ್ನೂ NEARಗೆ ಕೊಟ್ಟು 3 ಎಂದರೆ ಹೊರಹಾಕಿದ ಆ ಸುದ್ದಿ ಮತ್ತೆ ಒಳಗೆ ಬರುತ್ತದೆ. ವಾಕ್ಯ ಎಲ್ಲಿ ಮುಗಿಯಿತು ಎಂಬುದೂ ಅದಕ್ಕೆ ಗೊತ್ತಿಲ್ಲ. ಒಂದು ವಾಕ್ಯದ ಕೊನೆಯ ಪದ, ಮುಂದಿನದರ ಮೊದಲ ಪದ, ಅದರ ಲೆಕ್ಕದಲ್ಲಿ ಪಕ್ಕದ ಮನೆಯವರೇ.

4. ಕನ್ನಡವಾದರೆ, ಪದಗಳು ಎಲ್ಲಿ ತುಂಡಾಗುತ್ತಿವೆ ಎಂದು ಕಣ್ಣಾರೆ ನೋಡಿ.

ನಮ್ಮವರು ಅತಿ ಹೆಚ್ಚು ಎಡವುವುದು ಇಲ್ಲೇ. FTS5ನ ಮಾಮೂಲಿ ಪದವಿಭಜಕ `unicode61` ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗ ಎಂದು ಒಪ್ಪುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಗುಣಿತ ಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಬೇರೆ ಗುಂಪಿಗೆ ಸೇರಿವೆ. ಹಾಗಾಗಿ ಅವೆಲ್ಲ ಅದರ ಕಣ್ಣಿಗೆ ಖಾಲಿ ಜಾಗದ ಹಾಗೆ. ‘ಮೈಸೂರು’ ಎಂಬುದು ಮ, ಸ, ರ ಎಂಬ ಮೂರು ‘ಪದ’ವಾಗುತ್ತದೆ, ‘ಪಾಕ್’ ಎಂಬುದು ಪ, ಕ.

ತಮಾಷೆಯೆಂದರೆ ಹುಡುಕಾಟ ಸರಿಯಾಗಿಯೇ ನಡೆದಂತೆ ಕಾಣುತ್ತದೆ. ನೀವು ಟೈಪಿಸಿದ ‘ಪಾಕ್’ ಕೂಡ ಅದೇ ರೀತಿ ಒಡೆದು ‘ಪ ಕ’ ಎಂಬ ನುಡಿಗಟ್ಟಾಗುತ್ತದೆ, ಪಾಕ್ ಇರುವ ಲೇಖನಗಳೆಲ್ಲ ಬರುತ್ತವೆ. ಜೊತೆಗೆ ‘ಪೈಕಿ’ ಇರುವ ಲೇಖನಗಳೂ ಬರುತ್ತವೆ, ಏಕೆಂದರೆ ಅದೂ ಒಡೆದರೆ ಪ, ಕ. ‘ಅವರ ಪೈಕಿ ಇಬ್ಬರು’ ಎಂಬ ಸುದ್ದಿ ಫಲಿತಾಂಶದಲ್ಲಿ ಕಂಡರೆ ರೋಗ ಇದೇ. ಇನ್ನು NEAR ಎಣಿಸುವುದು ಪದಗಳನ್ನಲ್ಲ, ಚೂರುಗಳನ್ನು. ಅಲ್ಲಿ 3 ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮದ್ದು, ಮತ್ತು ಪರೀಕ್ಷೆ:

```sql
CREATE VIRTUAL TABLE suddi USING fts5(
  body, tokenize = "unicode61 categories 'L* N* Co Mc Mn'");
CREATE VIRTUAL TABLE nota USING fts5vocab(suddi, 'instance');
SELECT * FROM nota;
```

ಕೊನೆಯ ಸಾಲು ಪ್ರತಿ ಪದವನ್ನೂ ಅದರ ಲೇಖನ, ಸ್ಥಾನಗಳ ಸಮೇತ ತೋರಿಸುತ್ತದೆ. ಇಲ್ಲಿ ಎಣಿಕೆ 0ಯಿಂದ ಶುರು. ನಾಲ್ಕು ಸಾಲಿನ ಬರಹ ತುಂಬಿ ಒಮ್ಮೆ ಓದಿನೋಡಿ. ‘ರಾಜ್‌ಕುಮಾರ್’ ಥರದ ಪದಗಳ ನಡುವೆ ಅಡಗಿರುವ, ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರ ಇಷ್ಟಾದ ಮೇಲೂ ಪದವನ್ನು ಎರಡಾಗಿ ಒಡೆಯುತ್ತದೆ. ಬರಹ ತುಂಬುವಾಗಲೂ ಹುಡುಕುವಾಗಲೂ ಅದನ್ನು ಒಂದೇ ರೀತಿ ತೆಗೆದುಹಾಕುವುದು ಲೇಸು.

5. ವಿಭಕ್ತಿ ಪ್ರತ್ಯಯಗಳಿಗೆ ಕೊನೆಯ ಪದವನ್ನು ತೆರೆದಿಡಿ.

‘ಮೈಸೂರು ಪಾಕಿನ ರುಚಿ’ ಎಂದು ಬರೆದಿದ್ದರೆ ‘ಮೈಸೂರು ಪಾಕ್’ ಹುಡುಕಾಟಕ್ಕೆ ಸಿಗದು. FTS5 ನುಡಿಗಟ್ಟಿನ ಕೊನೆಯ ಪದಕ್ಕೆ ಮಾತ್ರ ನಕ್ಷತ್ರ ಹಾಕಲು ಬಿಡುತ್ತದೆ. ಹಾಕುವಾಗ ಅರ್ಧಾಕ್ಷರದ ಚಿಹ್ನೆ ಬಿಡಿ:

```
"ಮೈಸೂರು ಪಾಕ" *
```

‘ಪಾಕ್’, ‘ಪಾಕಿನ’, ‘ಪಾಕನ್ನು’ ಮೂರೂ ‘ಪಾಕ’ ಎಂಬ ಸಂಕೇತಗಳಿಂದಲೇ ಶುರುವಾಗುವುದರಿಂದ ಬಲೆಗೆ ಬೀಳುತ್ತವೆ. ‘ಪಾಕಿಸ್ತಾನ’ವೂ ಹಾಗೆಯೇ ಶುರುವಾಗುತ್ತದೆ ನಿಜ, ಆದರೆ ಅದರ ಹಿಂದಿನ ಪದ ‘ಮೈಸೂರು’ ಆಗಿರುವುದು ಅಪರೂಪ. ‘ಮೈಸೂರುಪಾಕ್’ ಎಂದು ಕೂಡಿಸಿ ಬರೆದವರ ಮುಂದೆ ಮಾತ್ರ ಸ್ಥಾನದ ಲೆಕ್ಕ ಸೋಲುತ್ತದೆ. ಅದನ್ನು `OR` ಹಾಕಿ ಬೇರೆಯಾಗಿಯೇ ಕೇಳಬೇಕು.

ಇದೇ ಜಾಗದಲ್ಲಿ ಇನ್ನೊಂದು ಮಾತು. ‘ನಾ’, ‘ನಿನ್ನ’, ‘ಮತ್ತು’ ಥರದ ಸಣ್ಣ ಪದಗಳನ್ನು ಸೂಚಿಯಿಂದ ಕಿತ್ತುಹಾಕುವ ಚಾಳಿ ಬೇಡ. ಕಿತ್ತರೆ ‘ನಾ ನಿನ್ನ ಮರೆಯಲಾರೆ’ ಎಂಬ ಚಿತ್ರದ ಹೆಸರಿನಲ್ಲಿ ಉಳಿಯುವುದು ಒಂದೇ ಪದ.

6. ಜಾಗ ಉಳಿಸುವ ಮೊದಲು ಏನು ಕಳೆದುಕೊಳ್ಳುತ್ತೀರಿ ನೋಡಿ.

ಸ್ಥಾನಗಳು ಪುಕ್ಕಟೆ ಬರುವುದಿಲ್ಲ. SQLite ತಂಡದವರೇ ಕೊಟ್ಟಿರುವ ಒಂದು ಲೆಕ್ಕದಲ್ಲಿ 1636 ಮೆಬಿಬೈಟ್ ಇಮೇಲ್‌ಗಳಿಗೆ ಪೂರ್ಣ ಸೂಚಿ 743 ಆಗಿತ್ತು. ಸ್ಥಾನಗಳನ್ನೆಲ್ಲ ಬಿಟ್ಟು `detail=none` ಎಂದಾಗ 134. ಆಸೆ ಹುಟ್ಟಿಸುವ ಉಳಿತಾಯ. ಆದರೆ ಆಗ ನುಡಿಗಟ್ಟೂ ಇಲ್ಲ, NEAR ಕೂಡ ಇಲ್ಲ, ಮುಂದೆ ಬೇಕೆನಿಸಿದರೆ ಸೂಚಿಯನ್ನು ಬುಡದಿಂದ ಕಟ್ಟಬೇಕು. ಬರೀ ಒಂಟಿ ಪದದ ಹುಡುಕಾಟ ಸಾಕೆನ್ನುವವರಿಗೆ ಅದು ಸರಿಯೇ. ಆ ಸ್ಥಿತಿಯಲ್ಲಿ ಒಂದೇ ಪದ ‘ಮೈಸೂರು’ ಎಂದು ಹುಡುಕಿದಾಗಲೂ `phrase queries are not supported` ಎಂದು FTS5 ತಕರಾರು ತೆಗೆದರೆ, 4ನೇ ಸೂತ್ರದ ಮದ್ದು ಇನ್ನೂ ಹಾಕಿಲ್ಲ ಎಂದು ತಿಳಿಯಿರಿ.