ಆಷಾಢದ ಗಲ್ಲಾಪೆಟ್ಟಿಗೆ

ಪ್ರಶ್ನೆ: ಅಕ್ಷಯ ತೃತೀಯದ ದಿನ ಮ್ಯಾಚಿಂಗ್ ಸೆಂಟರ್ ತೆರೆದೆ. ಬ್ಲೌಸ್ ಪೀಸ್, ಲೈನಿಂಗ್, ಫಾಲ್, ಲಂಗ ಎಲ್ಲವೂ ಇದೆ. ಮೊದಮೊದಲು ಕೈತುಂಬ ವ್ಯಾಪಾರ. ಈಗ ಆಷಾಢ, ನೊಣ ಹೊಡೆಯುತ್ತ ಕೂತಿದ್ದೇನೆ. ಅಂಗಡಿ ಬಿಟ್ಟುಕೊಟ್ಟು ಮಾಲೀಕರಿಂದ ಮುಂಗಡ ವಾಪಸ್ ಪಡೆದರೆ ಸಾಲವಾದರೂ ತೀರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮಂಥದೇ ಅಂಗಡಿ ಇಟ್ಟ ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ನಿಮ್ಮ ಬೀದಿಯ ಬೇರೆ ಅಂಗಡಿಯವರಿಗೂ ಓದಿ ಹೇಳಿ.

ತುಮಕೂರು ಕಡೆಯ ಊರು. ಬಾಡಿಗೆ 8,000, ಸಹಾಯಕ್ಕಿದ್ದ ಹುಡುಗಿಗೆ 7,000, ಕರೆಂಟು, ಫೋನು, ಓಡಾಟಕ್ಕೆ 3,000. ಬಾಗಿಲು ತೆರೆದರೂ ಮುಚ್ಚಿದರೂ ತಿಂಗಳಿಗೆ 18,000 ರೂಪಾಯಿ ಹೋಗಲೇಬೇಕು. ನೂರು ರೂಪಾಯಿ ವ್ಯಾಪಾರವಾದರೆ ಅವಳಿಗೆ ಉಳಿಯುತ್ತಿದ್ದುದು ಮೂವತ್ತು. ಅಂದರೆ ತಿಂಗಳಿಗೆ 60,000, ದಿನಕ್ಕೆ ಹೆಚ್ಚುಕಡಿಮೆ 2,300 ರೂಪಾಯಿಯ ವ್ಯಾಪಾರವಾದರೆ ಖರ್ಚಿಗೆ ಸರಿಹೋಗುತ್ತದೆ. ಮದುವೆ ತಿಂಗಳಲ್ಲಿ ದಿನಕ್ಕೆ 3,500 ಬಂತು, ಖರ್ಚು ಕಳೆದು ಒಂಬತ್ತು ಸಾವಿರ ಮಿಕ್ಕಿತು. ಆಷಾಢದಲ್ಲಿ ದಿನದ ವ್ಯಾಪಾರ 1,200ಕ್ಕೆ ಇಳಿಯಿತು, ಎಂಟೂವರೆ ಸಾವಿರ ಕೈಯಿಂದ ಹೋಯಿತು.

ಒಂದು ತಿಂಗಳ ಮಿಗತೆ ಇನ್ನೊಂದು ತಿಂಗಳ ಕೊರತೆಯನ್ನು ಮುಚ್ಚಬೇಕಿತ್ತಲ್ಲ? ಮುಚ್ಚಲಿಲ್ಲ. ಬಂದ ದುಡ್ಡನ್ನೆಲ್ಲ ಅವಳು ಬ್ರೊಕೇಡ್ ಮೇಲೆ ಹಾಕಿದ್ದಳು, ಸಾಲದ್ದಕ್ಕೆ ಚಿಕ್ಕಪೇಟೆಯ ಸಗಟು ಅಂಗಡಿಯಿಂದ ಇನ್ನಷ್ಟು ಉದ್ರಿ ತಂದಿದ್ದಳು. ಇತ್ತ ಊರಿನ ಟೈಲರ್‌ಗಳು ಲೈನಿಂಗ್, ಫಾಲ್ ಒಯ್ದು ಖಾತೆಯಲ್ಲಿ ಬರೆಸಿ ಹೋಗಿದ್ದರು. ಲಾಭವೇನೋ ಆಗಿತ್ತು, ಆದರೆ ಅದು ಅರ್ಧ ಕಪಾಟಿನಲ್ಲಿ, ಅರ್ಧ ಖಾತೆ ಪುಸ್ತಕದಲ್ಲಿ ಕೂತಿತ್ತು. ದೃಷ್ಟಿ ತಗುಲಿದೆ ಎಂದು ಅವಳ ಅತ್ತೆ ಬಾಗಿಲಿಗೆ ಕುಂಬಳಕಾಯಿ ಕಟ್ಟಿಸಿದರು. ಕಟ್ಟಲಿ, ಅದರಿಂದ ನಷ್ಟವೇನಿಲ್ಲ.

ಸಗಟು ಅಂಗಡಿಯ ಹಿರಿಯ ಗುಮಾಸ್ತರೊಬ್ಬರು ಅವಳಿಗೆ ಮೂರು ಕೆಲಸ ಹೇಳಿದರು. ಮೊದಲನೆಯದು, ಪ್ರತಿ ಥಾನಿನ ರಟ್ಟಿನ ಮೇಲೆ ತಂದ ತಿಂಗಳನ್ನು ಪೆನ್ಸಿಲಿನಲ್ಲಿ ಬರೆಯುವುದು. ಬರೆದು ನೋಡಿದರೆ ಕೆಂಪು, ಹಸಿರು, ಮೆರೂನ್, ಬಂಗಾರದ ಬಣ್ಣದ ರುಬಿಯಾ ಎರಡೆರಡು ಸಲ ಖಾಲಿಯಾಗಿತ್ತು, ಬ್ರೊಕೇಡ್ ಮಾತ್ರ ತಂದಂತೆಯೇ ಇತ್ತು. ಕತ್ತರಿ ತಾಗದ ಥಾನುಗಳನ್ನು ಸಗಟಿನವರು ರುಬಿಯಾಕ್ಕೆ ಬದಲಾಯಿಸಿಕೊಟ್ಟರು (ಎಲ್ಲರೂ ಕೊಡುವುದಿಲ್ಲ, ಕೇಳಿ ನೋಡಬೇಕು). ಕತ್ತರಿಸಿದ್ದನ್ನು ಅವಳು ಅಸಲಿಗೇ ಮಾರಿ ಉದ್ರಿಯ ಒಂದು ಕಂತು ಕಟ್ಟಿದಳು. ಎರಡನೆಯದು, ಗಿರಾಕಿ ಕೇಳಿದ್ದಕ್ಕೆ 'ಇಲ್ಲ' ಎಂದಾಗಲೆಲ್ಲ ಅದನ್ನೊಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಆ ಪುಸ್ತಕದಲ್ಲಿ ಸಾಲುಗಳು ತುಂಬುತ್ತಿದ್ದರೆ ಜನ ಬರುತ್ತಿದ್ದಾರೆ, ಸರಕು ತಪ್ಪಿದೆ ಎಂದರ್ಥ. ಪುಸ್ತಕವೂ ಖಾಲಿ, ಅಂಗಡಿಯೂ ಖಾಲಿ ಎಂದರೆ ಜಾಗದ ಬಗ್ಗೆ ಯೋಚಿಸಬೇಕು. ಅವಳದು ತುಂಬುತ್ತಿತ್ತು.

ಮೂರನೆಯದೇ ನನಗೆ ಹೆಚ್ಚು ಹಿಡಿಸಿದ್ದು. ದಿನದ ವ್ಯಾಪಾರವನ್ನು ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲೇ ಆಯಾ ದಿನದ ಮನೆಯಲ್ಲಿ ಬರೆದು, ಆ ಕ್ಯಾಲೆಂಡರನ್ನು ವರ್ಷ ಕಳೆದ ಮೇಲೂ ಎತ್ತಿಡುವುದು. ನಮ್ಮ ಬಟ್ಟೆ ವ್ಯಾಪಾರ ನಡೆಯುವುದು ತಿಥಿಯ ಮೇಲೆ, ತಾರೀಖಿನ ಮೇಲಲ್ಲ. ಅಧಿಕ ಶ್ರಾವಣ ಬಂದಿದ್ದರಿಂದ 2023ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಹೋಗಿತ್ತು, 2025ರಲ್ಲಿ 8ಕ್ಕೇ ಬಂತು. ಈ ಆಗಸ್ಟನ್ನು ಹೋದ ಆಗಸ್ಟಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆಷಾಢವನ್ನು ಆಷಾಢಕ್ಕೇ ಹೋಲಿಸಬೇಕು. ಮೊದಲ ವರ್ಷದವರಿಗೆ ಹೋಲಿಸಲು ಹಿಂದಿನ ಆಷಾಢವೇ ಇರುವುದಿಲ್ಲ, ಹಾಗಾಗಿ ಗಲ್ಲಾ ಇಳಿದ ಕೂಡಲೇ ಎಲ್ಲ ಮುಗಿಯಿತು ಅನಿಸುತ್ತದೆ.

ಆ ಗುಮಾಸ್ತರು ಇನ್ನೊಂದು ಮಾತನ್ನೂ ಹೇಳಿದ್ದರು. ಹಬ್ಬಕ್ಕೆ ಸೀರೆ ಕೊಳ್ಳುವವರು ಹಿಂದಿನ ದಿನವೂ ಬರಬಹುದು, ಬ್ಲೌಸ್ ಹೊಲಿಸುವವರು ಹಾಗಲ್ಲ. ಹತ್ತು ಹನ್ನೆರಡು ದಿನ ಇರುವಾಗಲೇ ಟೈಲರ್ ಹೊಸ ಬಟ್ಟೆ ಹಿಡಿಯುವುದನ್ನು ನಿಲ್ಲಿಸುತ್ತಾನೆ. ಹಾಗಾಗಿ ಮ್ಯಾಚಿಂಗ್ ಅಂಗಡಿಗೆ ಹಬ್ಬ ಬರುವುದು ಭೀಮನ ಅಮಾವಾಸ್ಯೆಯ ಆಸುಪಾಸಿನಲ್ಲೇ. ಅವಳು ಆ ವಾರಕ್ಕೆ ಮುಂಚೆ ಬಣ್ಣಗಳನ್ನು ತುಂಬಿಸಿಟ್ಟಳು. ಟೈಲರ್‌ಗಳಿಗೆ ಹಳೆಯ ಬಾಕಿ ತೀರಿಸಿದರೆ ಮಾತ್ರ ಹೊಸ ಖಾತೆ ಎಂದಳು. ಇಬ್ಬರು ಮುನಿಸಿಕೊಂಡು ಹೋದರು, ಒಬ್ಬ ತಿರುಗಿ ಬಂದ. ಶ್ರಾವಣದಲ್ಲಿ ಅವಳ ದಿನದ ವ್ಯಾಪಾರ ಮತ್ತೆ ಮೂರು ಸಾವಿರ ದಾಟಿತು. ಪಕ್ಷಮಾಸದಲ್ಲಿ ಇಳಿಯಿತು, ಆದರೆ ಈ ಸಲ ಶ್ರಾವಣದ ಮಿಗತೆಯನ್ನು ಅವಳು ಬ್ಯಾಂಕಿನಲ್ಲಿಟ್ಟಿದ್ದಳು.

ನೀವು ಮೊದಲು ನಿಮ್ಮ 18,000 ಎಷ್ಟು, ನಿಮ್ಮ 60,000 ಎಷ್ಟು ಎಂದು ಕೂತು ಲೆಕ್ಕ ಹಾಕಿ. ಮುಂಗಡ ವಾಪಸ್ ಕೇಳುವ ಮಾತನ್ನು ದೀಪಾವಳಿ ಕಳೆಯುವ ತನಕ ತಡೆಯಿರಿ, ಅಲ್ಲಿಯತನಕ ಹೊಸ ಉದ್ರಿ ಬೇಡ. ಶ್ರಾವಣ, ದಸರಾ, ದೀಪಾವಳಿ ಮೂರರಲ್ಲೂ ಆ ಮೊತ್ತ ಮುಟ್ಟದಿದ್ದರೆ ಮನೆಯವರು ಹೇಳುವುದರಲ್ಲಿ ಸತ್ಯವಿದೆ, ಆಗ ಅಂಗಡಿ ಬಿಡುವುದೇ ಲೇಸು. ಆದರೆ ಆಷಾಢದ ಗಲ್ಲಾ ನೋಡಿ ಈಗಲೇ ಆ ತೀರ್ಮಾನಕ್ಕೆ ಬರಬೇಡಿ.