ಪತ್ರ ಸರಳವಾಯಿತು, ಕೊಟ್ಟ ಮಾತು ಉಳಿಯಿತೇ?

ಪ್ರಶ್ನೆ: ನಮ್ಮದೊಂದು ಪತ್ತಿನ ಸಹಕಾರ ಸಂಘ. ಸದಸ್ಯರಿಗೆ ಕಳಿಸುವ 32 ಮಾದರಿ ಪತ್ರಗಳು ಹಳೆಯ ಕಚೇರಿ ಕನ್ನಡದಲ್ಲಿದ್ದವು. ಆಡಳಿತ ಮಂಡಳಿಯ ಸೂಚನೆಯಂತೆ ನಮ್ಮ ಗುಮಾಸ್ತರೊಬ್ಬರು ಅವನ್ನೆಲ್ಲ ಸರಳಗನ್ನಡಕ್ಕೆ ತಂದಿದ್ದಾರೆ. ಓದಲು ಚೆನ್ನಾಗಿವೆ. ಆದರೆ ಅರ್ಥ ಎಲ್ಲಾದರೂ ಜಾರಿದೆಯೇ ಎಂಬ ಅಳುಕು. ಸಹಿ ಹಾಕುವವನು ನಾನು. ಹೇಗೆ ಪರೀಕ್ಷಿಸಲಿ?
– ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಅಳುಕು ಸರಿಯಾದದ್ದೇ. ಹೊಸ ಪತ್ರವನ್ನು ಮೊದಲು ಓದಬೇಡಿ. ಅದು ಸಲೀಸಾಗಿ ಓದಿಸಿಕೊಂಡರೆ ಏನು ಬಿಟ್ಟುಹೋಗಿದೆ ಎಂಬುದು ಹೊಳೆಯುವುದೇ ಇಲ್ಲ. ಹಳೆಯದನ್ನು ಮುಂದಿಟ್ಟುಕೊಂಡು ಎರಡು ಬಗೆಯ ವಾಕ್ಯಗಳಿಗೆ ಪೆನ್ಸಿಲ್ ಗುರುತು ಹಾಕಿ. ಸಂಘ ಏನು ಮಾಡುತ್ತೇನೆಂದು ಹೇಳಿದೆಯೋ ಅದಕ್ಕೆ ‘ಮಾ’, ಅಂದರೆ ಕೊಟ್ಟ ಮಾತು. ಸದಸ್ಯರಿಂದ ಏನು ಕೇಳಿದೆಯೋ ಅದಕ್ಕೆ ‘ಕೇ’, ಅಂದರೆ ಕೇಳಿಕೆ. ಆಮೇಲೆ ಹೊಸ ಪತ್ರ ತೆರೆದು ಒಂದೊಂದು ಗುರುತಿಗೂ ಜೋಡಿ ಹುಡುಕಿ.

ಒಂದು ಮಾದರಿ ನೋಡೋಣ. ಹಳೆಯ ಪತ್ರದಲ್ಲಿ ಹೀಗಿದೆ ಎಂದುಕೊಳ್ಳಿ:

“ತಮ್ಮ ಅರ್ಜಿ ತಲುಪಿದ 15 ದಿನಗಳೊಳಗಾಗಿ ಬಡ್ಡಿ ಲೆಕ್ಕವನ್ನು ಮರುಪರಿಶೀಲಿಸಿ, ಹೆಚ್ಚುವರಿ ವಸೂಲಾಗಿದ್ದಲ್ಲಿ ಸದರಿ ಮೊತ್ತವನ್ನು ತಮ್ಮ ಉಳಿತಾಯ ಖಾತೆಗೆ ಜಮಾ ಮಾಡಲಾಗುವುದು. ಸಾಲದ ಪಾಸ್‌ಬುಕ್ಕಿನ ಮೂಲಪ್ರತಿ ಹಾಗೂ ಕೊನೆಯ ಕಂತಿನ ರಸೀದಿಯ ನಕಲನ್ನು ಈ ತಿಂಗಳ 30ರೊಳಗೆ ಹಾಜರುಪಡಿಸತಕ್ಕದ್ದು.”

ಹೊಸದು ಹೀಗೆ:

“ನಿಮ್ಮ ಅರ್ಜಿ ಬಂದ ಮೇಲೆ ಬಡ್ಡಿ ಲೆಕ್ಕವನ್ನು ಬೇಗನೆ ನೋಡಿ, ಹೆಚ್ಚಾಗಿ ಕಟ್ಟಿಸಿಕೊಂಡ ಹಣವನ್ನು ನಿಮ್ಮ ಖಾತೆಗೆ ಹಾಕುತ್ತೇವೆ. ಸಾಲದ ಪಾಸ್‌ಬುಕ್ ಮತ್ತು ಕೊನೆಯ ಕಂತಿನ ರಸೀದಿಯ ಜೆರಾಕ್ಸನ್ನು ಈ ತಿಂಗಳ 30ಕ್ಕೆ ಕೊಡಿ.”

ಕೇಳಲು ಹಿತವಾಗಿದೆ. ಆದರೆ ಐದು ಕಡೆ ಜಾರಿದೆ. ‘15 ದಿನಗಳೊಳಗಾಗಿ’ ಹೋಗಿ ‘ಬೇಗನೆ’ ಬಂದಿದೆ. ಹದಿನಾರನೆಯ ದಿನ ಬಂದು ಕೇಳುವ ಹಕ್ಕು ಸದಸ್ಯರಿಗೆ ಉಳಿಯಲಿಲ್ಲ. ‘ವಸೂಲಾಗಿದ್ದಲ್ಲಿ’ ಎಂಬುದರ ‘ಅಲ್ಲಿ’ ಬಿದ್ದುಹೋಗಿದೆ. ಲೆಕ್ಕ ನೋಡುವ ಮೊದಲೇ ಹೆಚ್ಚು ವಸೂಲಿ ಮಾಡಿದ್ದೇವೆಂದು ಸಂಘ ಒಪ್ಪಿಕೊಂಡಂತಾಯಿತು. ‘ಉಳಿತಾಯ ಖಾತೆ’ ಬರೀ ‘ಖಾತೆ’ಯಾಗಿದೆ, ಸಾಲದ ಖಾತೆಗೆ ಜಮಾ ಮಾಡಿದರೂ ಮಾತು ಉಳಿಸಿಕೊಂಡೆವು ಎನ್ನಬಹುದು. ‘ಮೂಲಪ್ರತಿ’ ಕಾಣೆಯಾಗಿದೆ. ‘ಪಾಸ್‌ಬುಕ್ ಮತ್ತು ರಸೀದಿಯ ಜೆರಾಕ್ಸ್’ ಎಂದರೆ ನಮ್ಮ ಜನ ಎರಡಕ್ಕೂ ಜೆರಾಕ್ಸ್ ಮಾಡಿಸಿಯೇ ಬರುತ್ತಾರೆ, ಮತ್ತೆ ಊರಿಗೆ ಹೋಗಿ ಪಾಸ್‌ಬುಕ್ ತರಬೇಕಾಗುತ್ತದೆ. ಕೊನೆಯದು, ‘30ರೊಳಗೆ’ ಎಂಬುದು ‘30ಕ್ಕೆ’ ಆಗಿದೆ. ಕೆಲವರು ಆ ದಿನವೇ ಹೋಗಬೇಕೆಂದು ತಿಳಿದು ಸಾಲುಗಟ್ಟುತ್ತಾರೆ.

ಇವುಗಳಲ್ಲಿ ಕೆಲವು ಪದಗಳ ಬಾಲದಲ್ಲಿ ಆದ ತಪ್ಪುಗಳು. ಕನ್ನಡದಲ್ಲಿ ಷರತ್ತು, ಗಡುವು, ಕಡ್ಡಾಯ ಇವೆಲ್ಲ ಹಲವೊಮ್ಮೆ ಪ್ರತ್ಯಯದಲ್ಲೇ ಅಡಗಿರುತ್ತವೆ. ಅದಕ್ಕೇ ಸರಳಗೊಳಿಸುವಾಗ ಮೊದಲು ಉದುರುವುದೂ ಅವೇ. ‘ತಕ್ಕದ್ದು’ ಎಂಬುದು ‘ಬೇಕು’ ಆಗಬಹುದು, ‘ಬಹುದು’ ಆಗಬಾರದು. ‘ಪರಿಶೀಲಿಸಲಾಗುವುದು’ ಎಂಬುದು ‘ನೋಡುತ್ತೇವೆ’ ಆದರೆ ಸರಿ, ‘ಸರಿಪಡಿಸುತ್ತೇವೆ’ ಆದರೆ ಕೊಡದ ಮಾತು ಕೊಟ್ಟಂತೆ.

ಈ ಐದನ್ನೂ ಉಳಿಸಿಕೊಂಡು ಸರಳವಾಗಿಯೇ ಬರೆಯಬಹುದು: “ನಿಮ್ಮ ಅರ್ಜಿ ನಮಗೆ ತಲುಪಿದ 15 ದಿನಗಳೊಳಗೆ ಬಡ್ಡಿ ಲೆಕ್ಕವನ್ನು ಮತ್ತೆ ನೋಡುತ್ತೇವೆ. ಹೆಚ್ಚು ಕಟ್ಟಿಸಿಕೊಂಡಿದ್ದರೆ ಆ ಹಣವನ್ನೂ ಅಷ್ಟರೊಳಗೆ ನಿಮ್ಮ ಉಳಿತಾಯ ಖಾತೆಗೆ ಹಾಕುತ್ತೇವೆ. ನೀವು ಎರಡು ದಾಖಲೆ ಕೊಡಬೇಕು: ಒಂದು, ಸಾಲದ ಪಾಸ್‌ಬುಕ್ಕಿನ ಮೂಲಪ್ರತಿ, ಜೆರಾಕ್ಸ್ ಅಲ್ಲ; ಎರಡು, ಕೊನೆಯ ಕಂತಿನ ರಸೀದಿಯ ಜೆರಾಕ್ಸ್. ಈ ತಿಂಗಳ 30 ಕೊನೆಯ ದಿನ.”

ಹೀಗೆ ಹಳೆಯದರಿಂದ ಹೊಸದಕ್ಕೆ ಹೋದರೆ ಬಿಟ್ಟುಹೋದದ್ದು ಸಿಗುತ್ತದೆ. ಇನ್ನೊಮ್ಮೆ ತಿರುವುಮುರುವಾಗಿ, ಹೊಸದರ ಒಂದೊಂದು ವಾಕ್ಯಕ್ಕೂ ಹಳೆಯದರಲ್ಲಿ ಆಧಾರವಿದೆಯೇ ಎಂದು ನೋಡಿ. ಆಗ ಹೊಸದಾಗಿ ಸೇರಿಕೊಂಡದ್ದು ಸಿಗುತ್ತದೆ. “ಯಾವಾಗ ಬೇಕಾದರೂ ಕರೆ ಮಾಡಿ” ಎಂಬಂಥ ಒಳ್ಳೆಯ ಮನಸ್ಸಿನ ಸಾಲುಗಳು ಹೀಗೇ ನುಸುಳುತ್ತವೆ. ಸಂಜೆ ಆರಕ್ಕೆ ಬೀಗ ಹಾಕುವ ಕಚೇರಿಗೆ ಅದು ಸಲ್ಲದ ಮಾತು.

ಒಬ್ಬರೇ ಕೂರಬೇಡಿ. ಒಬ್ಬರು ಹೊಸದನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹಳೆಯದರ ಗುರುತುಗಳಿಗೆ ಟಿಕ್ ಹಾಕಲಿ. ಒಮ್ಮೆಗೆ ಐದಾರು ಪತ್ರ ಸಾಕು. ಅಷ್ಟಾದ ಮೇಲೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದುತ್ತದೆ. ಒಂದು ಪತ್ರದಲ್ಲಿ ‘ಬೇಗನೆ’ ಸಿಕ್ಕರೆ ಉಳಿದ 31ರಲ್ಲೂ ಆ ಪದವನ್ನು ಹುಡುಕಿ. ಬರೆದವರು ಒಬ್ಬರೇ ಆದಾಗ ತಪ್ಪಿನ ಅಭ್ಯಾಸವೂ ಒಂದೇ ಇರುತ್ತದೆ.

ಪ್ರಶ್ನೆ: ನಮ್ಮ ಸಂಘದಲ್ಲೂ ಸಾಲ ಬಾಕಿಯ ನೋಟಿಸುಗಳನ್ನು ಹೊಸದಾಗಿ ಬರೆಸಿದೆವು. ಮೊತ್ತ, ದಿನಾಂಕ ಎಲ್ಲ ಸರಿಯಿದೆ. ಆದರೂ ಮೂರನೇ ನೋಟಿಸ್ ಹೋದಮೇಲೂ ಸದಸ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ.
– ವಸೂಲಿ ವಿಭಾಗ, ಶಿವಮೊಗ್ಗ ಜಿಲ್ಲೆ

ಉತ್ತರ: ನೀವು ಕಳಿಸಿದ ಮೂರೂ ನೋಟಿಸುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಹಳೆಯವು ಮೆಟ್ಟಿಲಿನಂತೆ ಏರುತ್ತಿದ್ದವು. ಮೊದಲನೆಯದು “ಕಟ್ಟಬೇಕಾಗಿ ವಿನಂತಿ”, ಎರಡನೆಯದು “ಏಳು ದಿನಗಳೊಳಗೆ ಕಟ್ಟಬೇಕು”, ಮೂರನೆಯದು “ಕಟ್ಟದಿದ್ದಲ್ಲಿ ಜಾಮೀನುದಾರರಿಗೂ ತಿಳಿಸಿ ಮುಂದಿನ ಕ್ರಮ ಜರುಗಿಸಲಾಗುವುದು”. ಹೊಸದರಲ್ಲಿ ಮೂರೂ “ದಯವಿಟ್ಟು ಆದಷ್ಟು ಬೇಗ ಕಟ್ಟಿ ಸಹಕರಿಸಿ” ಎಂದು ಮುಗಿಯುತ್ತವೆ. ಬಿಡಿಬಿಡಿಯಾಗಿ ಓದಿದರೆ ಒಂದರಲ್ಲೂ ತಪ್ಪು ಕಾಣುವುದಿಲ್ಲ. ಒಟ್ಟಿಗೆ ಇಟ್ಟಾಗ ಮೆಟ್ಟಿಲು ಮಾಯವಾಗಿ ಜಗಲಿ ಉಳಿದಿದೆ. ಏಳು ದಿನಗಳ ಗಡುವೂ ಜಾಮೀನುದಾರರ ಮಾತೂ ಪೂರ್ತಿ ಹೋಗಿರುವುದರಿಂದ ಇದು ದನಿಯ ತಪ್ಪಷ್ಟೇ ಅಲ್ಲ.

ಹಾಗಾಗಿ ಒಂದೇ ವಿಷಯದ ಪತ್ರಗಳನ್ನು ಕಂತೆ ಕಟ್ಟಿ, ಕಳಿಸುವ ಅನುಕ್ರಮದಲ್ಲೇ ಪರೀಕ್ಷಿಸಿ. ಪ್ರತಿ ಪತ್ರದ ಮೇಲೂ ಅದು ಯಾರಿಗೆ, ಯಾವ ಹೊತ್ತಿನಲ್ಲಿ ತಲುಪುತ್ತದೆ ಎಂದು ಒಂದು ಸಾಲು ಬರೆದುಕೊಳ್ಳಿ. ತೀರಿಕೊಂಡ ಸದಸ್ಯರ ನಾಮಿನಿಗೆ ಹೋಗುವ ಪತ್ರ “ನಮಸ್ಕಾರ! ನಿಮ್ಮ ಸೇವೆಗೆ ನಾವು ಸದಾ ಸಿದ್ಧ” ಎಂದು ಶುರುವಾಗಿದ್ದರೆ ಈ ಒಂದು ಸಾಲೇ ಅದನ್ನು ಹಿಡಿಯುತ್ತದೆ. ‘ತಾವು’ ‘ನೀವು’ ಯಾವುದಾದರೂ ಇರಲಿ, ಒಂದೇ ಪತ್ರದಲ್ಲಿ ಎರಡೂ ಬೇಡ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಎರಡು ಕಡತಗಳನ್ನು ಹೋಲಿಸಿ ತೋರಿಸುವ ಸೌಲಭ್ಯ ಇದೆಯಲ್ಲ, ಅಷ್ಟು ಸಾಲದೇ? ಇನ್ನೊಂದು ಮಾತು, ಹಳೆಯ ಪತ್ರದಲ್ಲೇ ತಪ್ಪಿದ್ದರೆ?
– ಲೆಕ್ಕಿಗರು, ಧಾರವಾಡ

ಉತ್ತರ: ಒಂದೆರಡು ಪದ ತಿದ್ದಿದಾಗ ಆ ಸೌಲಭ್ಯ ಉಪಕಾರಿ. ಪೂರ್ತಿ ಹೊಸದಾಗಿ ಬರೆದಾಗ ಪುಟವೆಲ್ಲ ಕೆಂಪಾಗುತ್ತದೆ. ‘ಸದರಿ’ ಹೋಗಿ ‘ಆ’ ಬಂದದ್ದೂ, ‘15 ದಿನ’ ಹೋಗಿ ‘ಬೇಗನೆ’ ಬಂದದ್ದೂ ಅದಕ್ಕೆ ಒಂದೇ.

ಹಳೆಯದರಲ್ಲಿ ತಪ್ಪು ಕಂಡರೆ, ಉದಾಹರಣೆಗೆ ಒಂದು ಪತ್ರದಲ್ಲಿ 15 ದಿನ, ಅದೇ ಕೆಲಸಕ್ಕೆ ಇನ್ನೊಂದರಲ್ಲಿ 30 ದಿನ ಎಂದಿದ್ದರೆ, ಬರೆಯುವವರಾಗಲಿ ಪರೀಕ್ಷಿಸುವವರಾಗಲಿ ತಾವೇ ಸರಿಮಾಡಬಾರದು. ಬೇರೆ ಹಾಳೆಯಲ್ಲಿ ಪತ್ರದ ಸಂಖ್ಯೆ ಸಹಿತ ಬರೆದು ಮಂಡಳಿಯ ಮುಂದಿಡಿ, ತೀರ್ಮಾನ ಬರುವವರೆಗೆ ಆ ಎರಡು ಪತ್ರಗಳು ಹಳೆಯ ರೂಪದಲ್ಲೇ ಹೋಗಲಿ. ಭಾಷೆ ತಿದ್ದುವ ಅಧಿಕಾರ ಗುಮಾಸ್ತರಿಗೆ ಕೊಟ್ಟಿರಬಹುದು. ಗಡುವು ತಿದ್ದುವ ಅಧಿಕಾರ ಮಂಡಳಿಯದು.